ಮಾಮಾನ ನೈಂಟಿ, ಬೆಳಗಿನ ಬಿಪಿ

ಹಳಿಯಾಳ ಪೇಟೆಯಲ್ಲಿ ನನ್ನ ಸೋದರಮಾವನದ್ದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಜೋಯಿಡಾ ಕಡೆಯಿಂದ, ಮುಂಡಗೋಡದ ಹಳ್ಳಿಗಳಿಂದ ಸುಟ್ಟ ಬೋರ್‌ವೆಲ್ ಮೋಟರ್‌ಗಳು ಟೆಂಪೋದಲ್ಲಿ ಬಂದು ಅವನ ಅಂಗಡಿ ಮುಂದೆ ಇಳೀತವೆ. ವಯಸ್ಸು 58. ಮೂರು ವರ್ಷದಿಂದ ಬಿಪಿ ಮಾತ್ರೆ ನುಂಗ್ತಾನೆ, ಅಮ್ಲೋಡಿಪಿನ್ 5 ಮಿಲಿಗ್ರಾಂ, ದಿನಕ್ಕೊಂದು. ತಾಲೂಕು ಆಸ್ಪತ್ರೆಯಲ್ಲಿ ನೋಡಿಸಿದಾಗೆಲ್ಲ ಬಿಪಿ ಜಾಸ್ತಿಯೇ ಇರ್ತಿತ್ತು. ಇನ್ನೊಂದು ಮಾತ್ರೆ ಸೇರಿಸೋಣ ಅಂತ ಡಾಕ್ಟರು ಹೇಳಿದಾಗ ಅತ್ತಿ ನನಗೆ ಫೋನ್ ಮಾಡಿದಳು. ಮುಂದಿನ ವಾರ ಊರಿಗೆ ಬರುವಾಗ ಬೆಂಗಳೂರಿಂದ ತೋಳಿಗೆ ಕಟ್ಟೋ ಬಿಪಿ ಮಶೀನ್ ಒಂದನ್ನು ತಂದೆ.

ಮಶೀನ್ ಬಂದ ರಾತ್ರಿಯೇ ಮಾಮಾ ಗೆದ್ದ. ಊಟಕ್ಕೆ ಮೊದಲು, ಎಂದಿನಂತೆ ಎರಡು ನೈಂಟಿ ಮುಗಿಸಿ ಕೂತಿದ್ದವನಿಗೆ ಪಟ್ಟಿ ಕಟ್ಟಿದೆ. 126/78.

"ನೋಡಪಾ ತಮ್ಮಾ, ಗುಳಿಗಿಗಿಂತ ಇದ ಛಲೋ ಕೆಲಸ ಮಾಡತೈತಿ. ನಿನ್ನ ಮಶೀನ ಬರೋಬರಿ ಐತಿ."

ಮಶೀನ್ ಸರಿಯಾಗೇ ಇತ್ತು. ಮಾಮಾ ಸುಳ್ಳೂ ಹೇಳ್ತಿರಲಿಲ್ಲ. ಮರುದಿನ ಬೆಳಿಗ್ಗೆ 10 ಗಂಟೆಗೆ, ಅಂಗಡಿ ಶಟರ್ ಎತ್ತೋ ಮೊದಲು, ಅದೇ ತೋಳಿಗೆ ಅದೇ ಪಟ್ಟಿ ಕಟ್ಟಿದೆ. 154/96. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದೆ, 150/96.

ಒಂದೇ ಮನುಷ್ಯ, ಒಂದೇ ಮಶೀನ್, ಹದಿಮೂರು ಚಿಲ್ಲರೆ ಗಂಟೆಯ ಅಂತರ. ನಮ್ಮ ಕೆಲಸದಲ್ಲಿ ಇಂಥದ್ದು ಕಂಡರೆ ಮೊದಲು ಲಾಗ್ ಬರೆದಿಡು ಅಂತಾರೆ. ಅಂಗಡಿಯ ಹಳೇ ಡೈರಿಯಲ್ಲಿ ಗೆರೆ ಎಳೆದು ಕೊಟ್ಟೆ. ತಾರೀಖು, ವೇಳೆ, ಬಿಪಿ, ನಾಡಿ, ಕೊನೇ ಕಾಲಂನಲ್ಲಿ ಹಿಂದಿನ ರಾತ್ರಿ ಎಷ್ಟು ನೈಂಟಿ. ಕೊನೇ ಕಾಲಂ ನೋಡಿ ಮಾಮಾ ಗೊಣಗಿದ, ಆದರೆ ಬರೆದ. ಕಾಯಿಲ್‌ಗೆ ಎಷ್ಟು ಸುತ್ತು ಹಾಕಿದೆ ಅಂತ ಮೂವತ್ತು ವರ್ಷದಿಂದ ಬರೆದಿಟ್ಟುಕೊಂಡು ಬಂದವನು ಅವನು. ಅಳತೆ ತಪ್ಪಿ ಬರೆಯೋದು ಅವನಿಗೆ ಆಗಿಬರೋದಿಲ್ಲ.

ಮೊದಲು ಈ ನೈಂಟಿ ಅಂದರೆ ಎಷ್ಟು ಅಂತ ಲೆಕ್ಕ ಹಾಕೋಣ, ಯಾಕಂದ್ರೆ "ದಿನಾ ಸ್ವಲ್ಪ ತಗೋತೀನಿ" ಅನ್ನೋದರಲ್ಲಿ ಅಳತೆಯೇ ಇಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಅಲ್ಲಿವರೆಗೆ ಸಾರಾಯಿ ಪಾಕೀಟು ಹರಿದು ಕುಡೀತಿದ್ದ ಜನ ಅಗ್ಗದ ವಿಸ್ಕಿ, ರಮ್ಮಿನ ಸಣ್ಣ ಪ್ಯಾಕಿಗೆ ಬಂದರು. 90 ಮಿಲಿಯ ಆ ಪ್ಯಾಕೇ ನೈಂಟಿ. ಅದರ ಮೇಲೆ 42.8% ಅಂತ ಬರೆದಿರುತ್ತೆ. ಅದು ಪ್ರಮಾಣದ ಲೆಕ್ಕ. ಶುದ್ಧ ಆಲ್ಕೊಹಾಲ್ ನೀರಿಗಿಂತ ಹಗುರ, ಒಂದು ಮಿಲಿಗೆ 0.789 ಗ್ರಾಂ. ಹಾಗಾಗಿ

90 × 0.428 × 0.789 = 30.4

ಅಂದರೆ ಒಂದು ನೈಂಟಿಯಲ್ಲಿ 30 ಗ್ರಾಂ ಆಲ್ಕೊಹಾಲ್, ಎರಡರಲ್ಲಿ 60. ವೈದ್ಯರ ಬರಹಗಳಲ್ಲಿ "ಒಂದು ಡ್ರಿಂಕ್" ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ಹೆಚ್ಚಿನ ಕಡೆ 10ರಿಂದ 14 ಗ್ರಾಂ. 10 ಗ್ರಾಂ ಲೆಕ್ಕ ಹಿಡಿದರೆ ಮಾಮಾನ "ಎರಡು" ಅನ್ನೋದು ಅವರ ಲೆಕ್ಕದಲ್ಲಿ ಆರು. ಡಾಕ್ಟರು "ಎಷ್ಟು ತಗೋತೀರಿ" ಅಂದಾಗ "ಎರಡೇ ಸರ್" ಅಂದರೆ ಇಬ್ಬರ ತಲೆಯಲ್ಲೂ ಬೇರೆ ಬೇರೆ ಸಂಖ್ಯೆ ಇರುತ್ತೆ. ಜೋಯಿಡಾ ಕಡೆಯವರು ಗೋವಾದಿಂದ ತರೋ ಗೇರುಹಣ್ಣಿನ ಫೆನಿಯೂ ಹೆಚ್ಚುಕಡಿಮೆ ಅಷ್ಟೇ ಖಡಕ್. ಹಣ್ಣಿಂದ ಬಂತು, ಮನೆಯಲ್ಲೇ ಕಾಸಿದ್ದು ಅನ್ನೋದೆಲ್ಲ ರಕ್ತನಾಳಕ್ಕೆ ಗೊತ್ತಾಗೋದಿಲ್ಲ.

ಈಗ ರಾತ್ರಿ 126, ಬೆಳಿಗ್ಗೆ 154 ಹೇಗೆ ಅನ್ನೋದಕ್ಕೆ ಬರ್ತೀನಿ. 2020ರಲ್ಲಿ ಕಾಕ್ರೇನ್ ಸಂಸ್ಥೆಯ ಒಂದು ವಿಮರ್ಶೆ ಬಂತು. ಕುಡಿಸಿ ಗಂಟೆಗಂಟೆಗೆ ಬಿಪಿ ನೋಡಿದ 32 ಪ್ರಯೋಗಗಳನ್ನು ಅದರಲ್ಲಿ ಕೂಡಿಸಿ ನೋಡಿದ್ದರು. 30 ಗ್ರಾಂಗಿಂತ ಹೆಚ್ಚು ಆಲ್ಕೊಹಾಲ್ ಒಳಗೆ ಹೋದರೆ ಮೊದಲ 12 ಗಂಟೆ ಮೇಲಿನ ಬಿಪಿ ಸರಾಸರಿ ಮೂರೂವರೆ ಪಾಯಿಂಟಿನಷ್ಟು ಇಳಿಯುತ್ತೆ. 13 ಗಂಟೆ ದಾಟಿದ ಮೇಲೆ ಮೊದಲಿಗಿಂತ ಹೆಚ್ಚುಕಡಿಮೆ ಅಷ್ಟೇ ಮೇಲೆ ಹೋಗುತ್ತೆ. ನಾಡಿ ಮಾತ್ರ ಇಡೀ ದಿನ ಜಾಸ್ತಿಯೇ. ಪ್ರಯೋಗಕ್ಕೆ ಕೂತವರಲ್ಲಿ ಹೆಚ್ಚಿನವರು ಆರೋಗ್ಯವಾಗಿದ್ದ ಹರೆಯದ ಗಂಡಸರು, ಕುಡಿಸಿದ್ದು ಒಂದೇ ಸಲ. ದಿನಾ ಕುಡಿಯೋ, ಮೊದಲೇ ಬಿಪಿ ಇರೋ ಮಾಮಾನಂಥವರಲ್ಲಿ ಈ ಏರಿಳಿತ ಇನ್ನೂ ದೊಡ್ಡದಾಗಿ ಕಂಡರೆ ಆಶ್ಚರ್ಯವಿಲ್ಲ.

ಮಾಮಾನಿಗೆ ಇದನ್ನು ನಾನು ಹೇಳಿದ್ದು ಹೀಗೆ. ಆಲ್ಕೊಹಾಲ್ ರಕ್ತದಲ್ಲಿ ಇರೋತನಕ ಚರ್ಮದ ರಕ್ತನಾಳಗಳು ಅಗಲ ಆಗ್ತವೆ. ಮುಖ ಕೆಂಪಾಗೋದು, ಬೆಚ್ಚಗಾಗೋದು ಅದರಿಂದಲೇ. ಪೈಪು ಅಗಲವಾದರೆ ಒತ್ತಡ ಇಳೀಬೇಕು, ಇಳಿಯುತ್ತೆ. ಆದರೆ ಒತ್ತಡ ಇಳಿದಿದ್ದು ಗೊತ್ತಾದ ಕೂಡಲೇ ದೇಹ ಸುಮ್ಮನಿರೋದಿಲ್ಲ. ಓಡು, ಹೊಡಿ ಅನ್ನೋ ನರಜಾಲವನ್ನು ಎಬ್ಬಿಸುತ್ತೆ, ಹೃದಯವನ್ನು ಜೋರಾಗಿ ಓಡಿಸುತ್ತೆ, ಉಪ್ಪು ನೀರು ಹೊರಗೆ ಬಿಡಬೇಡ ಅಂತ ಕಿಡ್ನಿಗೆ ಹಾರ್ಮೋನಿನ ಚೀಟಿ ಕಳಿಸುತ್ತೆ. ಮಾಮಾನ ನಾಡಿ ಆ ರಾತ್ರಿ 98 ಇತ್ತು, ಬಿಪಿ ನೋಡಿ ಖುಷಿಪಟ್ಟವನು ಅದನ್ನು ನೋಡಿರಲಿಲ್ಲ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೊಹಾಲ್ ಕರಗಿಸುತ್ತೆ. ಎಂಟೂವರೆಗೆ ಮುಗಿಸಿದ 60 ಗ್ರಾಂ ಖಾಲಿಯಾಗೋದು ಬೆಳಗಿನ ಜಾವ. ಆಗ ನಾಳ ಅಗಲ ಮಾಡೋ ವಸ್ತು ಹೋಗಿರುತ್ತೆ, ಎಬ್ಬಿಸಿದ ನರಜಾಲ ಇನ್ನೂ ಎದ್ದೇ ಇರುತ್ತೆ. ಬೆಳಗಿನ 154 ಅದರ ಗುರುತು.

"ಅಂದ್ರ ಲೋಡ್ ತೆಗದ್ರೂ ವೋಲ್ಟೇಜ್ ಏರಿಸಿದ್ದು ಹಂಗ ಉಳದಂಗ" ಅಂದ ಮಾಮಾ. ಪೂರ್ತಿ ಸರಿಯಲ್ಲ, ಆದರೂ ಅಷ್ಟು ಸಾಕಿತ್ತು.

ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತೆ. ದಿನಾ ಕುಡಿಯೋರ ಮಿದುಳು ಆಲ್ಕೊಹಾಲ್ ಇರುತ್ತೆ ಅಂತಲೇ ಹೊಂದಿಕೊಂಡಿರುತ್ತೆ. ಅದು ಇಳಿದ ಕೂಡಲೇ ಸಣ್ಣ ಮಟ್ಟದ ಚಡಪಡಿಕೆ ಶುರು. ಬೆಳಿಗ್ಗೆ ಕೈ ಸ್ವಲ್ಪ ನಡುಗೋದು, ಬೆವರು, ಬಿಪಿ ಏರೋದು ಎಲ್ಲ ಅದೇ ಮನೆಯ ಮಕ್ಕಳು. ಅಂದರೆ ದಿನಾ ರಾತ್ರಿ ಕುಡಿಯೋನು ದಿನಾ ಬೆಳಿಗ್ಗೆ ಸಣ್ಣದಾಗಿ "ಬಿಡ್ತಾ" ಇರ್ತಾನೆ. ನೆಂಚಿಕೊಳ್ಳೋ ಉಪ್ಪಿನಕಾಯಿ, ಖಾರಾ ಶೇಂಗಾ, ನಮ್ಮ ಕಡೆಯ ಒಣಮೀನು ಬೇರೆ ಇದೆ. ಕುಡಿದ ರಾತ್ರಿಯ ಗೊರಕೆಯೂ ಬಿಪಿಗೆ ಒಳ್ಳೇದಲ್ಲ.

ಮೂರು ವಾರದ ಡೈರಿ ತಗೊಂಡು ಇಬ್ಬರೂ ಡಾಕ್ಟರ ಹತ್ತಿರ ಹೋದ್ವಿ. ಬೆಳಗಿನ ಸರಾಸರಿ 151/95. ಮುಂಡಗೋಡದಲ್ಲಿ ಯಾರದ್ದೋ ಬೋರ್ ಕೆಲಸಕ್ಕೆ ಹೋಗಿ ಎರಡು ರಾತ್ರಿ ಕುಡಿಯದೇ ಉಳಿದಾಗ ಎರಡನೇ ಬೆಳಿಗ್ಗೆ 142. ಡಾಕ್ಟರು ಕೊನೇ ಕಾಲಂ ಓದಿ ನಕ್ಕರು. "ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ನಾನು ತಿಳ್ಕೊಂಡಿದ್ದೆ. ಅದು ಮಾಡ್ತಾನೇ ಇದೆ, ನೀವು ದಿನಾ ರಾತ್ರಿ ಅದರ ವಿರುದ್ಧ ಕೆಲಸ ಮಾಡ್ತಿದ್ದೀರಿ" ಅಂದರು.

ಆಮೇಲೆ ಅವರು ಹೇಳಿದ್ದು ಓದುಗರಿಗೂ ಮುಖ್ಯ. ಇವತ್ತೇ ಪೂರ್ತಿ ಬಿಟ್ಟುಬಿಡಿ ಅಂತ ಅವರು ಹೇಳಲಿಲ್ಲ. ವರ್ಷಗಟ್ಟಲೆ ದಿನಾ ಇಷ್ಟು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನ ಕೈಕಾಲು ನಡುಕ, ಬಿಪಿ ಏರಿಕೆ, ಕೆಲವರಿಗೆ ಫಿಟ್ಸ್, ಇನ್ನು ಕೆಲವರಿಗೆ ಇಲ್ಲದ್ದು ಕಾಣೋ ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಿಲ್ಲೋದಿಲ್ಲ ಅನ್ನೋರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದೋರು ಮನೆಯಲ್ಲಿ ಈ ಪ್ರಯೋಗ ಮಾಡಬಾರದು, ಆಸ್ಪತ್ರೆಯಲ್ಲೇ ಆಗಬೇಕು. ಮಾಮಾ ಆ ಮಟ್ಟಕ್ಕೆ ಹೋಗಿರಲಿಲ್ಲ. ಎರಡು ವಾರ ಒಂದೇ ನೈಂಟಿ, ಆಮೇಲೆ ಅರ್ಧ, ಆಮೇಲೆ ನಿಲ್ಲಿಸೋದು, ಜೊತೆಗೆ ವಿಟಮಿನ್ ಬಿ ಮಾತ್ರೆ ಅಂತ ಬರೆದುಕೊಟ್ಟರು. ಎರಡನೇ ಬಿಪಿ ಮಾತ್ರೆಯನ್ನು ಆರು ವಾರ ಮುಂದೂಡಿದರು.

ಕಡಿಮೆ ಮಾಡಿದರೆ ಎಷ್ಟು ಇಳಿಯುತ್ತೆ ಅನ್ನೋದಕ್ಕೆ 2017ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕ ಇದೆ. ದಿನಕ್ಕೆ ಆರು ಡ್ರಿಂಕಿಗಿಂತ ಹೆಚ್ಚು ಕುಡೀತಿದ್ದವರು ಅರ್ಧಕ್ಕೆ ಇಳಿಸಿದಾಗ ಮೇಲಿನ ಬಿಪಿ ಸರಾಸರಿ 5.5, ಕೆಳಗಿನದು 4 ಪಾಯಿಂಟ್ ಇಳಿದಿತ್ತು. ದಿನಕ್ಕೆ ಎರಡು ಡ್ರಿಂಕಿಗಿಂತ ಕಡಿಮೆ ಕುಡಿಯೋರಲ್ಲಿ ಕಡಿಮೆ ಮಾಡಿದ್ದರಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಕುಡಿಯೋನಿಗೇ ಹೆಚ್ಚು ಲಾಭ ಅನ್ನೋದು ವಿಚಿತ್ರ ಸಮಾಧಾನ. ಅಂದಹಾಗೆ ಕುಡಿತಕ್ಕೂ ಬಿಪಿಗೂ ಸಂಬಂಧ ಇದೆ ಅನ್ನೋದು ಹೊಸ ಮಾತಲ್ಲ. 1915ರಲ್ಲೇ ಕಮೀಯ್ ಲಿಯಾನ್ ಅನ್ನೋ ಫ್ರೆಂಚ್ ವೈದ್ಯ ಯುದ್ಧಕಾಲದ ಸೈನಿಕರ ವೈನ್ ಲೆಕ್ಕ ಹಿಡಿದು ಇದನ್ನು ಬರೆದಿದ್ದ.

ಮಾಮಾ ಒಂದೂವರೆ ತಿಂಗಳು ಹೇಳಿದ ಹಾಗೆ ನಡೆದ. ಬೆಳಗಿನ ಬಿಪಿ 140ರ ಆಸುಪಾಸಿಗೆ ಬಂತು. ಆಮೇಲೆ ಹೋಳಿ ಬಂತು.

ನಮ್ಮ ಕಡೆ ಹೋಳಿ ಅಂದರೆ ಏನು ಅಂತ ಹಳಿಯಾಳ, ದಾಂಡೇಲಿಯವರಿಗೆ ಹೇಳಬೇಕಾಗಿಲ್ಲ. ಬಣ್ಣದ ದಿನ ಬೆಳಿಗ್ಗೆಯಿಂದ ಗೆಳೆಯರ ಜೊತೆ ದಾಂಡೇಲಿಗೆ ಹೋದವನು ಸಂಜೆ ಬಂದ. ಎಷ್ಟು ಅಂತ ಡೈರಿಯಲ್ಲಿ ಬರೀಲಿಲ್ಲ, ಆಮೇಲೆ ಕೇಳಿದಾಗ "ನಾಲ್ಕು ಇರಬಹುದು" ಅಂದ. ರಾತ್ರಿ ಮೂರು ಗಂಟೆಗೆ ಎದ್ದು ಕೂತ. ಎದೆಯೊಳಗೆ "ಬಲೆಯೊಳಗಿನ ಮೀನು ಒದರಿದಂಗ" ಆಗ್ತಿತ್ತಂತೆ. ನೋವಿಲ್ಲ, ಆದರೆ ಮೆಟ್ಟಿಲು ಹತ್ತಿದರೆ ದಮ್ಮು. ಅತ್ತಿ ಮಶೀನ್ ಕಟ್ಟಿದಳು. ಮೊದಲ ಸಲ 148, ಎರಡನೇ ಸಲ 121, ಮೂರನೇ ಸಲ ಎರರ್. ಪರದೆಯ ಮೂಲೆಯಲ್ಲಿ ಹೃದಯದ ಚಿಹ್ನೆ ಒಂದು ಮಿಟುಕುತ್ತಾ ಇತ್ತು. ಅದನ್ನು ಫೋಟೋ ತೆಗೆದು ನನಗೆ ಕಳಿಸಿದಳು.

ಮನೆಯ ಮಶೀನ್‌ಗಳಲ್ಲಿ ಬಹಳಷ್ಟಕ್ಕೆ ಈ ಚಿಹ್ನೆ ಇದೆ. ಬಡಿತಗಳ ನಡುವಿನ ಅಂತರ ಒಂದೇ ಸಮ ಇಲ್ಲ ಅಂತ ಅದರ ಅರ್ಥ. ಬಿಪಿ ಒಂದೊಂದು ಸಲಕ್ಕೆ ಒಂದೊಂದು ತೋರಿಸೋದೂ ಅದಕ್ಕೇ. ಪ್ರತಿ ಬಡಿತದಲ್ಲೂ ಹೃದಯ ತುಂಬೋ ರಕ್ತ ಬೇರೆ ಬೇರೆ, ಒತ್ತಡವೂ ಬೇರೆ ಬೇರೆ. ಕೈ ಅಲ್ಲಾಡಿದರೂ ಆ ಚಿಹ್ನೆ ಬರಬಹುದು, ಹಾಗಾಗಿ ಒಂದು ಸಲ ಬಂದರೆ ಗಾಬರಿ ಬೇಡ. ಮಣಿಕಟ್ಟಿನ ನಾಡಿಯನ್ನು ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದೇ ಲಯದಲ್ಲಿ ಹೋಗ್ತಾ ಅಪರೂಪಕ್ಕೊಂದು ಬಡಿತ ತಪ್ಪಿ ಮತ್ತೆ ಲಯಕ್ಕೆ ಬಂದರೆ ಅದು ಬಹಳ ಜನರಲ್ಲಿ ಇರೋದೇ. ಲಯವೇ ಸಿಗದೇ, ಯಾವ ಬಡಿತ ಯಾವಾಗ ಬರುತ್ತೆ ಅಂತ ಊಹಿಸೋಕೇ ಆಗದಿದ್ದರೆ ಆ ಹೊತ್ತಿನಲ್ಲೇ ಇಸಿಜಿ ಆಗಬೇಕು. ಜೊತೆಗೆ ಎದೆನೋವು, ತಲೆಸುತ್ತಿ ಬೀಳೋದು, ಬಾಯಿ ಸೊಟ್ಟ, ಮಾತು ತೊದಲು ಇದ್ದರೆ ಎಣಿಸ್ತಾ ಕೂರದೇ 108ಕ್ಕೆ ಫೋನ್ ಮಾಡಬೇಕು.

ನಾನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಬೆಳಗಾಗೋತನಕ ಕಾಯಬೇಡಿ. ಯಾಕಂದ್ರೆ ಈ ತೊಂದರೆ ಎಷ್ಟೋ ಸಲ ತಾನಾಗೇ ನಿಂತುಬಿಡುತ್ತೆ, ಆಮೇಲೆ ತೆಗೆದ ಇಸಿಜಿ ಚೊಕ್ಕ ಬರುತ್ತೆ, "ಗ್ಯಾಸ್ ಇರಬೇಕು" ಅಂತ ಎಲ್ಲರೂ ಮನೆಗೆ ಹೋಗ್ತಾರೆ. ನಮ್ಮ ಸಾಫ್ಟ್‌ವೇರಿನಲ್ಲೂ ಅತಿ ಕಷ್ಟದ ಬಗ್ ಅಂದರೆ ನೋಡೋಕೆ ಹೋದಾಗ ಕಾಣದೇ ಇರೋದು. ಪುಣ್ಯಕ್ಕೆ ನಾಲ್ಕು ಗಂಟೆಯ ಹೊತ್ತಿಗೆ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಆಯಿತು.

ಆ ಕಾಗದವನ್ನು ಆಮೇಲೆ ನಾನೂ ನೋಡಿದೆ. ಇಸಿಜಿ ಕಾಗದದಲ್ಲಿ ಒಂದು ದೊಡ್ಡ ಚೌಕ ಅಂದರೆ 0.2 ಸೆಕೆಂಡ್. ಸರಿಯಿರೋ ಹೃದಯದಲ್ಲಿ ಎತ್ತರದ ಗೆರೆಗಳ ನಡುವೆ ಚೌಕಗಳು ಒಂದೇ ಲೆಕ್ಕದಲ್ಲಿ ಇರ್ತವೆ, ಪ್ರತಿ ಎತ್ತರದ ಗೆರೆಯ ಮುಂದೆ ಸಣ್ಣದೊಂದು ಗುಡ್ಡೆ ಇರುತ್ತೆ. ಮಾಮಾನ ಕಾಗದದಲ್ಲಿ ಎರಡು ಚೌಕ, ಆಮೇಲೆ ಮೂರು, ಆಮೇಲೆ ಒಂದೂವರೆ. ಸಣ್ಣ ಗುಡ್ಡೆ ಎಲ್ಲೂ ಇಲ್ಲ, ಅದರ ಜಾಗದಲ್ಲಿ ನಡುಗೋ ಗೆರೆ. ಬಡಿತ ನಿಮಿಷಕ್ಕೆ 138. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಅಂತಾರೆ. ಹೃದಯದ ಮೇಲಿನ ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಟ್ಟಿಗೆ ಹಿಂಡೋದನ್ನು ಬಿಟ್ಟು ಸುಮ್ಮನೆ ಕಂಪಿಸ್ತಾ ಇರೋ ಸ್ಥಿತಿ.

ಮಾಮಾನಿಗೆ ಇದು ನನಗಿಂತ ಬೇಗ ಅರ್ಥ ಆಯಿತು. ಹೃದಯಕ್ಕೆ ತನ್ನದೇ ಒಂದು ಕರೆಂಟಿನ ಮೂಲ ಇದೆ, ಬಲಗಡೆ ಹೃತ್ಕರ್ಣದ ಮೇಲ್ತುದಿಯಲ್ಲಿ. ಅಲ್ಲಿಂದ ಹೊರಟ ಒಂದು ಅಲೆ ಎಲ್ಲ ಕಡೆ ಹರಡಿ ಹೋದಮೇಲೆ ಸ್ನಾಯು ಒಂದು ಕ್ಷಣ ಹೊಸ ಕರೆಂಟ್ ತಗೊಳ್ಳೋದಿಲ್ಲ, ವಿಶ್ರಾಂತಿ. ಅದರಿಂದಲೇ ಅಲೆ ತಿರುಗಿ ಬರೋದಿಲ್ಲ. ಆಲ್ಕೊಹಾಲ್ ಆ ವಿಶ್ರಾಂತಿಯ ಕ್ಷಣವನ್ನು ಗಿಡ್ಡ ಮಾಡುತ್ತೆ. ಮೂತ್ರದಲ್ಲಿ ಪೊಟ್ಯಾಶಿಯಂ, ಮೆಗ್ನೀಶಿಯಂ ಹೋಗಿರುತ್ತೆ, ಮೇಲಿಂದ ಎಬ್ಬಿಸಿದ ನರಜಾಲದ ಹೊಡೆತ. ಹೊರಟ ಅಲೆ ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿಯುತ್ತೆ. ಇನ್ನು ವರ್ಷಗಟ್ಟಲೆ ಏರಿದ ಬಿಪಿ ಎಡ ಹೃತ್ಕರ್ಣವನ್ನು ಹಿಗ್ಗಿಸಿ ಗೋಡೆಯಲ್ಲಿ ನಾರು ಬೆಳೆಸಿರುತ್ತೆ. ಜಾಗ ದೊಡ್ಡದಾದಷ್ಟೂ ಅಲೆಗೆ ಸುತ್ತು ಹಾಕೋಕೆ ಅನುಕೂಲ. ಬಿಪಿ ಒಂದು ರೋಗ, ಹೃದಯದ ಲಯ ಇನ್ನೊಂದು ರೋಗ ಅಂತ ಬೇರೆ ಬೇರೆ ಕಾಲಂ ಮಾಡೋಕೆ ಬರೋದಿಲ್ಲ, ಒಂದು ಇನ್ನೊಂದಕ್ಕೆ ನೆಲ ಹದ ಮಾಡಿರುತ್ತೆ.

"ಒಳಗ ಶಾರ್ಟ್ ಆಗೇತಿ ಅನ್ನು" ಅಂದ.

ಹಬ್ಬದ ಮರುದಿನ ಬರೋ ಈ ತೊಂದರೆಗೆ ಹಾಲಿಡೇ ಹಾರ್ಟ್ ಅಂತಲೇ ಹೆಸರಿದೆ. 1978ರಲ್ಲಿ ಫಿಲಿಪ್ ಎಟಿಂಜರ್ ಮತ್ತು ಸಂಗಡಿಗರು ಅಮೆರಿಕದ ನ್ಯೂಜೆರ್ಸಿಯಲ್ಲಿ ಇಂಥ 24 ಜನರ ವಿವರ ಬರೆದರು. ಎಲ್ಲ ಚೆನ್ನಾಗಿ ಕುಡಿಯೋರು, ಲಯ ತಪ್ಪಿದ್ದು ಹೆಚ್ಚಾಗಿ ವಾರಾಂತ್ಯ ಮುಗಿದ ಮೇಲೆ ಅಥವಾ ವರ್ಷದ ಕೊನೆಯ ಹಬ್ಬದ ದಿನಗಳಲ್ಲಿ. ಹೆಸರು ಹಗುರವಾಗಿದೆ, ಮುಂದಿನ ಭಾಗ ಹಗುರವಿಲ್ಲ. ಕಂಪಿಸೋ ಎಡ ಹೃತ್ಕರ್ಣಕ್ಕೆ ಕಿವಿಯಂಥ ಒಂದು ಸಣ್ಣ ಚೀಲ ಅಂಟಿಕೊಂಡಿದೆ. ಅದರಲ್ಲಿ ರಕ್ತ ಹರಿಯದೇ ನಿಂತರೆ ಹೆಪ್ಪುಗಟ್ಟುತ್ತೆ, ಆ ಹೆಪ್ಪು ಕಿತ್ತು ಮಿದುಳಿಗೆ ಹೋದರೆ ಲಕ್ವ. ರಕ್ತ ತೆಳು ಮಾಡೋ ಮಾತ್ರೆ ಬೇಕೋ ಬೇಡವೋ ಅಂತ ಡಾಕ್ಟರು ಅಂಕ ಹಾಕ್ತಾರೆ. ವಯಸ್ಸು, ಸಕ್ಕರೆ ಕಾಯಿಲೆ, ಹಿಂದೆ ಲಕ್ವ ಆಗಿದ್ದು ಇವಕ್ಕೆಲ್ಲ ಅಂಕ. ಬಿಪಿಗೂ ಒಂದು. ಮಾಮಾನಿಗೆ ಸಿಕ್ಕಿದ್ದು ಆ ಒಂದೇ. ಮಾತ್ರೆ ಕೊಡಬಹುದು ಅಥವಾ ನೋಡಬಹುದು ಅನ್ನೋ ಅಂಚಿನ ಜಾಗ ಅದು. ಕುಡಿಯೋರಲ್ಲಿ ರಕ್ತಸ್ರಾವದ ಭಯವೂ ಇರೋದರಿಂದ ಅದನ್ನು ಮನೆಯಲ್ಲಿ ತೀರ್ಮಾನ ಮಾಡೋ ಹಾಗಿಲ್ಲ.

ಬಡಿತ ಇಳಿಸೋ ಮಾತ್ರೆ ಕೊಟ್ಟು ಮಲಗಿಸಿದರು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಲಯ ತಾನಾಗೇ ಸರಿಹೋಯಿತು. ಸಣ್ಣ ಗುಡ್ಡೆಗಳು ಕಾಗದದಲ್ಲಿ ವಾಪಸ್ ಬಂದವು. ಹುಬ್ಬಳ್ಳಿಗೆ ಹೋಗಿ ಎಕೋ ಮಾಡಿಸಿದ್ವಿ, ಎಡ ಹೃತ್ಕರ್ಣ ಸ್ವಲ್ಪ ಹಿಗ್ಗಿದೆ ಅಂತ ಬಂತು. ಥೈರಾಯ್ಡ್ ಕೂಡ ನೋಡಿದರು, ಅದರಿಂದಲೂ ಹೀಗಾಗುತ್ತಂತೆ, ಅದು ಸರಿಯಿತ್ತು.

ಇನ್ನು ಮುಂದೆ ಕುಡಿತದ ಲೆಕ್ಕ ಏನು ಅಂತ ಮಾಮಾ ಅಲ್ಲಿನ ಹೃದಯದ ಡಾಕ್ಟರನ್ನು ನೇರವಾಗಿ ಕೇಳಿದ. ವಾರಕ್ಕೊಮ್ಮೆ? ಬಿಯರ್? ಅವರು ಆಸ್ಟ್ರೇಲಿಯಾದ ಒಂದು ಪ್ರಯೋಗದ ಬಗ್ಗೆ ಹೇಳಿದರು, 2020ರಲ್ಲಿ ಪ್ರಕಟವಾದದ್ದು. ಈ ತೊಂದರೆ ಇದ್ದು, ವಾರಕ್ಕೆ ಹತ್ತು ಡ್ರಿಂಕಾದರೂ ಕುಡೀತಿದ್ದ 140 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಬಿಡಬೇಕು, ಇನ್ನೊಂದು ಎಂದಿನಂತೆ. ಬಿಟ್ಟ ಗುಂಪಿನವರೂ ಪೂರ್ತಿ ಬಿಡಲಿಲ್ಲ, ವಾರಕ್ಕೆ ಸರಾಸರಿ ಎರಡು ಡ್ರಿಂಕಿಗೆ ಇಳಿದರು. ಆರು ತಿಂಗಳಲ್ಲಿ ಎಂದಿನಂತೆ ಕುಡಿದವರಲ್ಲಿ 73% ಜನರಿಗೆ ಲಯ ಮತ್ತೆ ತಪ್ಪಿತು, ಬಿಟ್ಟವರಲ್ಲಿ 53% ಜನರಿಗೆ. ಬಿಟ್ಟರೆ ಬರೋದೇ ಇಲ್ಲ ಅಂತ ಅಲ್ಲ. ಅರ್ಧದಷ್ಟು ಜನರಿಗೆ ಬಂತಲ್ಲ. ಬರೋದು ಕಡಿಮೆ, ಬಂದರೂ ತಡವಾಗಿ. ನನಗೆ ಈ ಪ್ರಾಮಾಣಿಕ ಸಂಖ್ಯೆ ಹಿಡಿಸಿತು, ಮಾಮಾನಿಗೆ ಅಷ್ಟಾಗಿ ಹಿಡಿಸಲಿಲ್ಲ.

"ಅಷ್ಟ ಫರಕ್ಕಿಗೆ ಇಷ್ಟ ತ್ರಾಸ?"

"ಮಾಮಾ, ನೂರು ಮೋಟರಿನಾಗ ಇಪ್ಪತ್ತು ವಾಪಸ್ ಬರೋದು ತಪ್ಪಿದ್ರ ನೀ ಬ್ಯಾಡ ಅಂತೀ ಏನು?"

ಉತ್ತರ ಕೊಡಲಿಲ್ಲ. ಹುಬ್ಬಳ್ಳಿಯಿಂದ ಹಳಿಯಾಳದವರೆಗೂ ಬಸ್ಸಿನ ಕಿಟಕಿ ಹೊರಗೇ ನೋಡ್ತಾ ಕೂತಿದ್ದ.

ಈಗ ಎಂಟು ತಿಂಗಳಾಯಿತು. ಎರಡನೇ ಮಾತ್ರೆ ಕೊನೆಗೂ ಸೇರಿತು, ಟೆಲ್ಮಿಸಾರ್ಟನ್ 40. ಬೆಳಗಿನ ಬಿಪಿ 130ರಿಂದ 134ರ ನಡುವೆ ಇದೆ. ಮಶೀನ್ ಅಂಗಡಿಯಲ್ಲೇ ಇರುತ್ತೆ, ಮೋಟರ್ ಬಿಡೋಕೆ ಬಂದ ಜೋಯಿಡಾದ ರೈತರ ತೋಳಿಗೂ ಪಟ್ಟಿ ಕಟ್ಟಿ ನೋಡ್ತಾನೆ. "ನಿನ್ನೆ ರಾತ್ರಿ ಎಷ್ಟು?" ಅಂತ ಮೊದಲು ಕೇಳಿಯೇ ಗುಂಡಿ ಒತ್ತೋದು. ಹೋದ ತಿಂಗಳು ಊರಿಗೆ ಹೋದಾಗ ಡೈರಿ ತಿರುವಿ ನೋಡಿದೆ. ಕೊನೇ ಕಾಲಂನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಗಣೇಶನ ಹಬ್ಬ ಆದ ವಾರ ಎರಡು ದಿನ ಅಲ್ಲಿ ಏನೂ ಬರೆದಿಲ್ಲ, ಖಾಲಿ. ಅದರ ಮರುದಿನದ ಬಿಪಿ ಮಾತ್ರ ಬರೆದಿದ್ದಾನೆ, 146/92, ಪಕ್ಕದಲ್ಲಿ ನಾಡಿ 88, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ "ಲಯ ಬರೋಬರಿ ಐತಿ" ಅಂತ.